ಷೇರು ಕದಲದಿದ್ದರೂ ಸ್ಟಾಪ್‌ಲಾಸ್ ಹಿಟ್ ಆಗುವುದೇಕೆ?

‘ಷೇರಿನ ಬೆಲೆ ಇದ್ದಲ್ಲೇ ಇತ್ತು. ನನ್ನ ಕಾಲ್ ಆಪ್ಷನ್ ಮಾತ್ರ ಸ್ಟಾಪ್‌ಲಾಸ್ ತಗುಲಿ ಮಾರಿಹೋಗಿದೆ. ಇದು ಮೋಸವಲ್ಲವೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಮೋಸವೇ ಆಗಬೇಕೆಂದಿಲ್ಲ, ಬರಿಯ ಲೆಕ್ಕದಿಂದಲೂ ಹೀಗಾಗುತ್ತದೆ.

ವಹಿವಾಟು ತೆಳುವಾಗಿರುವ ಒಂದು ಆಪ್ಷನ್ ಇದೆಯೆಂದುಕೊಳ್ಳಿ. ಕೊಳ್ಳುವವರು ಕೊಡಲು ಸಿದ್ಧರಿರುವ ಗರಿಷ್ಠ ಬೆಲೆ, ಅಂದರೆ ಬಿಡ್, 20 ರೂಪಾಯಿ. ಮಾರುವವರು ಕೇಳುವ ಕನಿಷ್ಠ ಬೆಲೆ, ಅಂದರೆ ಆಸ್ಕ್, 28. ನಡುವೆ 8 ರೂಪಾಯಿ ಅಂತರ. ಆಪ್ಷನ್ನಿನ ನಿಜಬೆಲೆ ಸುಮಾರು 24 ಇರಬಹುದು, ಆದರೆ ಆ ಬೆಲೆಗೆ ಯಾರೂ ನಿಂತಿಲ್ಲ. ಅವಸರದಲ್ಲಿ ನೀವು 28ಕ್ಕೆ ಕೊಂಡಿರಿ. ಕಾಲು ಭಾಗ ನಷ್ಟವಾದರೆ ಹೊರಬರೋಣವೆಂದು 21ಕ್ಕೆ ಟ್ರಿಗರ್ ಇಟ್ಟಿರಿ. ಮಾರಾಟ ಖಂಡಿತ ಆಗಲಿ ಎಂದು ಲಿಮಿಟ್ ಬೆಲೆಯನ್ನು 16ಕ್ಕೆ ಇಳಿಸಿದಿರಿ.

ನಮ್ಮ ಎನ್‌ಎಸ್‌ಇಯಲ್ಲಿ ಟ್ರಿಗರ್ ನೋಡುವುದು ಕೊನೆಯ ವಹಿವಾಟಿನ ಬೆಲೆಯನ್ನು. ಯಾರೋ ಒಬ್ಬರು ತಮ್ಮ ಒಂದು ಲಾಟ್ ಅನ್ನು ಸಿಕ್ಕ ಬಿಡ್‌ಗೆ, 20ಕ್ಕೆ, ಮಾರಿದರು. ಷೇರು ಒಂದು ಪೈಸೆಯೂ ಇಳಿದಿಲ್ಲ, ಆದರೆ ಕೊನೆಯ ಬೆಲೆ 20 ಆಯಿತು, ನಿಮ್ಮ ಆರ್ಡರ್ ಎಚ್ಚೆತ್ತಿತು. 20ಕ್ಕೆ ಇದ್ದದ್ದು ಅದೊಂದೇ ಲಾಟ್‌ನ ಬೇಡಿಕೆ, ಅದು ತೀರಿದೆ. ಮುಂದಿನ ಬಿಡ್ 17. ನಿಮ್ಮದು 17ಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ 20, ಅದೇ 28. 7 ರೂಪಾಯಿಗೆ ಮಿತಿ ಹಾಕಿದ್ದ ನಷ್ಟ 11 ಆಗಿತ್ತು.

ಲಿಮಿಟ್ 20 ಇಟ್ಟಿದ್ದರೆ? ಈ ಸಲ 17ಕ್ಕೆ ಹೋಗುವುದು ತಪ್ಪಿ, ಬಿಡ್ ಮರಳಿದಾಗ 20ಕ್ಕೆ ಮಾರಾಟವಾಗುತ್ತಿತ್ತು. ಆದರೆ ಷೇರು ನಿಜವಾಗಿಯೇ ಕುಸಿದ ದಿನ ಬಿಡ್ ನೇರ 14ಕ್ಕೆ ಜಿಗಿದರೆ ಆರ್ಡರ್ ಮಾರಾಟವಾಗದೆ ಹಾಗೇ ನಿಲ್ಲುತ್ತದೆ.

ಬೆಲೆಯ ಮಿತಿಯೇ ಇಲ್ಲದ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಇನ್ನೂ ಅಪಾಯಕಾರಿ. ಅಂಥ ಒಂದು ಆರ್ಡರ್ ಖಾಲಿ ಪುಸ್ತಕವನ್ನು ಗುಡಿಸಿದರೆ ಅದರ ವಿಚಿತ್ರ ಬೆಲೆಯೇ ಮುಂದಿನವರ ಟ್ರಿಗರ್ ಆಗಿ ಸರಪಳಿ ಶುರುವಾಗುತ್ತದೆ. 2021ರ ಸೆಪ್ಟೆಂಬರ್ ಕೊನೆಯಲ್ಲಿ ಎನ್‌ಎಸ್‌ಇ ಆಪ್ಷನ್‌ಗಳಲ್ಲಿ ಆ ಆರ್ಡರನ್ನೇ ನಿಲ್ಲಿಸಿತು.

ಅಂತರ ಇಷ್ಟು ಅಗಲವಾಗುವುದಕ್ಕೂ ಕಾರಣವಿದೆ. ಎರಡೂ ಕಡೆ ಬೆಲೆ ಹೇಳಿ ನಿಲ್ಲುವವರು ಆಪ್ಷನ್ ಕೊಂಡೊಡನೆ ಷೇರಿನಲ್ಲೋ ಫ್ಯೂಚರ್ಸ್‌ನಲ್ಲೋ ಎದುರು ವ್ಯವಹಾರ ಮಾಡಿ ಅಪಾಯ ಇಳಿಸಿಕೊಳ್ಳಬೇಕು. ಗಿರಾಕಿ ವಿರಳವಾದ ದೂರದ ಸ್ಟ್ರೈಕ್, ಮುಂದಿನ ತಿಂಗಳ ಒಪ್ಪಂದ, ಮಾರುಕಟ್ಟೆ ತೆರೆದ ಮೊದಲ ನಿಮಿಷಗಳು, ಇಲ್ಲೆಲ್ಲ ಆ ಅಪಾಯಕ್ಕೆ ಅವರು ಹೆಚ್ಚು ಅಂತರ ಕೇಳುತ್ತಾರೆ.

ಹಾಗಾಗಿ ಸ್ಟಾಪ್ ಇಡುವ ಮುನ್ನ ಅಂತರ ನೋಡಿ. ಅಂತರ 8 ಇರುವಲ್ಲಿ, ಆಸ್ಕ್‌ಗೆ ಕೊಂಡು 7 ರೂಪಾಯಿ ಕೆಳಗೆ ಸ್ಟಾಪ್ ಇಟ್ಟರೆ ಬಿಡ್‌ನಲ್ಲಿ ನಡೆಯುವ ಮೊದಲ ವಹಿವಾಟೇ ಅದನ್ನು ಮುಟ್ಟುತ್ತದೆ. ಅದರ ಬದಲು ಷೇರಿನ ಬೆಲೆಗೆ ಅಲರ್ಟ್ ಇಡಬಹುದು. ಆಪ್ಷನ್ನಿನ ಡೆಲ್ಟಾ 0.4 ಆದರೆ ಷೇರು 10 ರೂಪಾಯಿ ಇಳಿದಾಗ ಅದರ ನಿಜಬೆಲೆ ಸುಮಾರು 4 ಇಳಿಯುತ್ತದೆ. ಅಲರ್ಟ್ ಬಂದಾಗ ಬಿಡ್-ಆಸ್ಕ್ ನಡುವೆ ಲಿಮಿಟ್ ಹಾಕಿ, ಸಿಗದಿದ್ದರೆ ಸ್ವಲ್ಪಸ್ವಲ್ಪವೇ ಇಳಿಸಿ. ದಿನ ಕಳೆದಂತೆ ಕರಗುವ ಪ್ರೀಮಿಯಂ ಮಾತ್ರ ಈ ಅಲರ್ಟಿಗೆ ಕಾಣದು, ಅದಕ್ಕೆ ಇಂತಿಷ್ಟು ದಿನವೆಂದು ಬೇರೆಯೇ ಗಡುವು ಹಾಕಿಕೊಳ್ಳಬೇಕು.