ಗೆಳತಿಗೆ ಬರೆದ ಕಾಗದ, ಓದುವವರು ಮೌಲ್ಯಮಾಪಕರು

ಹತ್ತನೆಯ ತರಗತಿಯ ಕನ್ನಡ ಪತ್ರಿಕೆಯಲ್ಲಿ ಪತ್ರಲೇಖನಕ್ಕೆ ಸಾಮಾನ್ಯವಾಗಿ ಎರಡು ಆಯ್ಕೆಗಳಿರುತ್ತವೆ: ಒಂದು ಮನವಿ ಪತ್ರ, ಇನ್ನೊಂದು ಆಪ್ತರಿಗೆ ಬರೆಯುವ ಪತ್ರ. ‘ಶಾಲಾ ಪ್ರವಾಸವನ್ನು ವಿವರಿಸಿ ಗೆಳತಿಗೆ ಪತ್ರ ಬರೆಯಿರಿ’ ಎಂಬುದು ಎರಡನೆಯ ಬಗೆಯ ಹಳೆಯ ಪ್ರಶ್ನೆ.

ಇಲ್ಲಿ ಹೆಚ್ಚಿನವರು ಎಡವುವುದು ಎರಡನ್ನೂ ಬೆರೆಸಿ. ‘ಮಾನ್ಯರೇ’, ‘ವಿಷಯ:’ ಮನವಿ ಪತ್ರದವು. ಗೆಳತಿಯ ಕಾಗದದಲ್ಲಿ ಅವಕ್ಕೆ ಜಾಗವಿಲ್ಲ. ಮೇಲೆ ಸ್ಥಳ, ದಿನಾಂಕ. ಬಳಿಕ ‘ಪ್ರೀತಿಯ ಗೆಳತಿ ಸುಮಾ’ ಎಂಬ ಸಂಬೋಧನೆ, ಒಂದು ಸಾಲಿನ ಕುಶಲ, ಒಡಲು. ‘ಇಂತಿ ನಿನ್ನ ಗೆಳತಿ’ ಎಂಬ ಮುಕ್ತಾಯ, ಕೊನೆಗೆ ಹೊರವಿಳಾಸ. ಪ್ರಶ್ನೆಯಲ್ಲಿ ಕೊಟ್ಟ ಹೆಸರು, ಊರನ್ನೇ ಬಳಸಬೇಕು. ಸ್ವಂತ ಹೆಸರು ಬರೆದರೆ ಗುರುತು ಬಯಲಾಗುತ್ತದೆ.

ಇನ್ನು ಒಡಲು. ‘ಬೇಲೂರಿಗೆ ಹೋದೆವು, ಅಲ್ಲಿಂದ ಹಳೇಬೀಡಿಗೆ ಹೋದೆವು, ತುಂಬಾ ಚೆನ್ನಾಗಿತ್ತು’ ಎಂದರೆ ಅದು ಊರುಗಳ ಪಟ್ಟಿ. ಅದನ್ನೇ ಹೀಗೆ ಬರೆದು ನೋಡಿ: ‘ಬೇಲೂರಿನ ದರ್ಪಣ ಸುಂದರಿಯ ಮುಂದೆ ನಿಂತಾಗ ನಿನ್ನ ನೆನಪಾಯಿತು ಕಣೇ. ಕನ್ನಡಿ ಕಂಡರೆ ನೀನೂ ಹಾಗೇ ಅಲ್ಲವೇ? ಈ ಗುಡಿ ಕಟ್ಟಿಸಿದವನು ವಿಷ್ಣುವರ್ಧನ ಎಂದು ಮೇಷ್ಟ್ರು ಹೇಳಿದರು.’ ಇದರಲ್ಲಿ ಒಂದು ನೋಟವಿದೆ, ಒಂದು ಮಾಹಿತಿಯಿದೆ, ಓದುವ ಗೆಳತಿಯೂ ಇದ್ದಾಳೆ. ಇಂಥ ಎರಡು ನೋಟಗಳಾದರೆ ಒಡಲು ತುಂಬುತ್ತದೆ.

ಬರೆದು ಮುಗಿಸಿದ ಮೇಲೆ ‘ನೀನು’ ಎಂಬ ಪದ ಎಲ್ಲಾದರೂ ಬಂದಿದೆಯೇ ನೋಡಿ. ಬಂದಿಲ್ಲವಾದರೆ ನೀವು ಬರೆದದ್ದು ಕಾಗದವಲ್ಲ, ಪ್ರಬಂಧ.