ನೀಲಿ ಪಂಪ್ ಮತ್ತು ಎರಡನೇ ಓಲೆಕಾರ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಹೈದರಾಬಾದ್ ಅಂತ ಒತ್ತಿದರೆ ಬರುವ ಹೆಸರುಗಳಲ್ಲಿ ನಮ್ಮ ಸನತ್‌ನಗರವೂ ಒಂದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯೂ ಇಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಇದೆ. ರಾಯಚೂರಿನಿಂದ ಅವ್ವ ಬಂದು ನಮ್ಮ ಜೊತೆ ಇರತೊಡಗಿದ ಮೇಲೆ, ಎದ್ದ ಕೂಡಲೇ ಆ ಅಂಕಿ ನೋಡುವುದು ನನಗೆ ರೂಢಿಯಾಯಿತು. ಅವ್ವನಿಗೆ ಮೂವತ್ತು ವರ್ಷದ ಅಸ್ತಮಾ.

ಹೋದ ಚಳಿಗಾಲದಲ್ಲಿ ಒಂದು ದಿನ ಅವ್ವನ ನೀಲಿ ಪಂಪ್ ಖಾಲಿಯಾಯಿತು. ಹೊಸದು ತಂದು ಇನ್ನೂ 25 ದಿನ ಆಗಿರಲಿಲ್ಲ. ಡಬ್ಬಿಯ ಮೇಲೆ 200 ಪಫ್ ಎಂದಿತ್ತು. ಭಾಗಿಸಿ ನೋಡಿದರೆ ದಿನಕ್ಕೆ ಎಂಟು. ಕೇಳಿದರೆ ಅವ್ವ ನಿರಾಳವಾಗಿ ಹೇಳಿದಳು: “ಮೊದ್ಲು ಹೊಡಕೊಂಡ್ರ ಕೈ ಗದಗದ ನಡಗ್ತಿದ್ವು. ಈಗ ಏನೂ ಆಗಂಗಿಲ್ಲ. ಮೈಗೆ ಒಗ್ಗ್ಯಾದ.”

ಎದೆರೋಗದ ಡಾಕ್ಟರ ಹತ್ತಿರ ಕರೆದೊಯ್ದಾಗ ಅವ್ವ ಅದನ್ನೇ ಮತ್ತೆ ಹೇಳಿದಳು. ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. “ಅದು ಒಗ್ಗಿದ್ದಲ್ಲಮ್ಮ, ಜೀವಕೋಶ ಕಿವಿ ಮುಚ್ಚಿಕೊಂಡಿದ್ದು,” ಎಂದರು ತೆಲುಗಿನಲ್ಲಿ. ಆ ಮಾತು ತಲೆಯಲ್ಲಿ ಕೂತು, ಮುಂದೆ ಎರಡು ತಿಂಗಳು ನಾನು ಓದಿದ್ದರ ಫಲ ಈ ಬರಹ.

ನೀಲಿ ಪಂಪಿನಲ್ಲಿರುವುದು ಸಾಲ್ಬುಟಮಾಲ್, ಒಂದು ಪಫ್‌ಗೆ 100 ಮೈಕ್ರೊಗ್ರಾಂ. ಅದು ನಮ್ಮ ದೇಹದ್ದೇ ಆದ ಅಡ್ರಿನಲಿನ್ ಹಾರ್ಮೋನಿನ ವೇಷ ಹಾಕಿದ ಅಣು. ಸೋಜಿಗವೆಂದರೆ, ಶ್ವಾಸನಾಳದ ಸ್ನಾಯುವಿನ ಮೇಲೆ ಕೆಲಸ ಮಾಡಲು ಅದು ಕೋಶದ ಒಳಗೆ ಹೋಗಬೇಕಿಲ್ಲ. ಹೊರಗೆ ನಿಂತು ಬಾಗಿಲು ತಟ್ಟಿದರೆ ಸಾಕು. ಆ ಬಾಗಿಲ ಹೆಸರು ಬೀಟಾ-2 ರಿಸೆಪ್ಟರ್. ಇದೊಂದು ಉದ್ದನೆಯ ಪ್ರೋಟೀನ್ ದಾರ. ಕೋಶದ ಕೊಬ್ಬಿನ ಪೊರೆಯನ್ನು ಏಳು ಸಲ ಹಾದು ಹೊಲಿದಂತೆ ಕೂತಿರುತ್ತದೆ. ಹೊರಗಿನ ತುದಿಗೆ ಸಾಲ್ಬುಟಮಾಲ್ ಅಂಟಿಕೊಂಡಾಗ ಒಳಗಿನ ತುದಿ ಸ್ವಲ್ಪ ಅಗಲವಾಗಿ ತೆರೆದುಕೊಳ್ಳುತ್ತದೆ. ಅಲ್ಲಿ ಕಾದಿರುವ ಜಿ ಪ್ರೋಟೀನ್ ಆಗ ತನ್ನಲ್ಲಿರುವ ಜಿಡಿಪಿಯನ್ನು ಬಿಟ್ಟು ಜಿಟಿಪಿಯನ್ನು ಹಿಡಿದುಕೊಂಡು ಎರಡು ತುಂಡಾಗುತ್ತದೆ. ಅದರಲ್ಲೊಂದು ತುಂಡು ಪೊರೆಯ ಗುಂಟ ಸರಿದು ಅಡಿನೈಲೈಲ್ ಸೈಕ್ಲೇಸ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಈ ಕಿಣ್ವದ ಕೆಲಸ ಒಂದೇ: ಎಟಿಪಿಯನ್ನು ಮಡಿಚಿ ಉಂಗುರ ಮಾಡುವುದು. ಆ ಉಂಗುರವೇ ಸೈಕ್ಲಿಕ್ ಎಎಂಪಿ.

ಹಾರ್ಮೋನು ಊರಿಂದ ಬಂದ ಮೊದಲ ಓಲೆಕಾರನಾದರೆ, ಹೊಸ್ತಿಲಿಂದ ಒಳಕ್ಕೆ ಸುದ್ದಿ ಒಯ್ಯುವ ಎರಡನೇ ಓಲೆಕಾರ ಈ ಸೈಕ್ಲಿಕ್ ಎಎಂಪಿ. ಇದನ್ನು ಕಂಡುಹಿಡಿದವರು ಅಮೆರಿಕದ ಅರ್ಲ್ ಸದರ್‌ಲ್ಯಾಂಡ್ ಮತ್ತು ಥಿಯೊಡೋರ್ ರಾಲ್, 1950ರ ದಶಕದಲ್ಲಿ. ಅವರ ಪ್ರಯೋಗ ಓದಿದಾಗ ನಮ್ಮ ಡೀಬಗ್ಗಿಂಗ್ ನೆನಪಾಯಿತು. ಅರೆದ ಪಿತ್ತಜನಕಾಂಗಕ್ಕೆ ಅಡ್ರಿನಲಿನ್ ಹಾಕಿದರೆ ಗ್ಲೈಕೋಜನ್ ಒಡೆಯುವ ಕಿಣ್ವ ಚುರುಕಾಗುತ್ತಿತ್ತು. ಪೊರೆಯ ಚೂರುಗಳನ್ನು ಬೇರ್ಪಡಿಸಿ ತೆಗೆದ ಮೇಲೆ ಉಳಿದ ತಿಳಿಗೆ ಅದೇ ಹಾರ್ಮೋನು ಹಾಕಿದರೆ ಏನೂ ಇಲ್ಲ. ಆಮೇಲೆ ಪೊರೆಯ ಚೂರುಗಳಿಗಷ್ಟೇ ಹಾರ್ಮೋನು ಬೆರೆಸಿ, ಅದನ್ನು ಕುದಿಸಿ, ಕುದಿಸಿದ ರಸವನ್ನು ತಿಳಿಗೆ ಹಾಕಿದರು. ಕಿಣ್ವ ಮತ್ತೆ ಎದ್ದಿತು! ಕುದಿಸಿದರೆ ಪ್ರೋಟೀನುಗಳು ಕೆಡುತ್ತವೆ. ಹಾಗಾದರೆ ಪೊರೆಯಲ್ಲಿ ಹುಟ್ಟಿದ್ದು ಬಿಸಿಗೆ ಜಗ್ಗದ ಯಾವುದೋ ಸಣ್ಣ ಅಣು. ಈ ಸರಣಿ ಕೆಲಸಕ್ಕೆ 1971ರಲ್ಲಿ ಸದರ್‌ಲ್ಯಾಂಡ್‌ಗೆ ನೊಬೆಲ್ ಬಂತು. ನಡುವಿನ ಜಿ ಪ್ರೋಟೀನಿಗೆ 1994ರಲ್ಲಿ ಗಿಲ್ಮನ್ ಮತ್ತು ರಾಡ್‌ಬೆಲ್‌ಗೆ, ರಿಸೆಪ್ಟರಿಗೆ 2012ರಲ್ಲಿ ಲೆಫ್ಕೊವಿಟ್ಜ್ ಮತ್ತು ಕೊಬಿಲ್ಕಾಗೆ. ಒಂದೇ ಸಾಲಿನ ಮೂರು ಕೊಂಡಿಗಳಿಗೆ ಮೂರು ನೊಬೆಲ್.

ಈಗ ಅವ್ವನ ಎದೆಗೆ ಮರಳೋಣ. ಶ್ವಾಸನಾಳದ ಸುತ್ತ ಸ್ನಾಯುವಿನ ಬಳೆಗಳಿವೆ. ಅಲ್ಲಿ ನಡೆಯುವುದು ಇಬ್ಬರು ಓಲೆಕಾರರ ಜಗಳ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಬಂದಾಗಲೂ, ಅಲರ್ಜಿಯಲ್ಲಿ ಹಿಸ್ಟಮಿನ್ ಸುರಿದಾಗಲೂ, ಅವು ತಟ್ಟುವುದು ಇದೇ ಏಳು ಹೊಲಿಗೆಯ ಕುಟುಂಬದ ಬೇರೆ ಬಾಗಿಲುಗಳನ್ನು. ಆದರೆ ಆ ಬಾಗಿಲ ಹಿಂದಿನ ಜಿ ಪ್ರೋಟೀನ್ ಬೇರೆ ಜಾತಿಯದು. ಅದು ಸೈಕ್ಲೇಸ್ ಬದಲು ಫಾಸ್ಫೊಲೈಪೇಸ್ ಸಿ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಇದು ಪೊರೆಯ ಒಂದು ಕೊಬ್ಬನ್ನೇ ಕತ್ತರಿಸಿ ಐಪಿ3 ಮತ್ತು ಡಿಎಜಿ ಎಂಬ ಎರಡು ಓಲೆಕಾರರನ್ನು ಮಾಡುತ್ತದೆ. ಡಿಎಜಿ ಪೊರೆಯಲ್ಲೇ ಉಳಿದು ಬೇರೊಂದು ಕಿಣ್ವವನ್ನು ಕರೆಯುತ್ತದೆ. ಐಪಿ3 ಒಳಗೆ ತೇಲಿ ಹೋಗಿ, ಕೋಶ ಕೂಡಿಟ್ಟ ಕ್ಯಾಲ್ಸಿಯಂ ಉಗ್ರಾಣದ ಬೀಗ ತೆಗೆಯುತ್ತದೆ. ಕ್ಯಾಲ್ಸಿಯಂ ಹರಿದು ಬಂದರೆ ಸ್ನಾಯು ಬಿಗಿಯುತ್ತದೆ, ನಾಳ ಕಿರಿದಾಗುತ್ತದೆ, ಸಿಳ್ಳೆ ಸದ್ದು ಕೇಳುತ್ತದೆ.

ಸೈಕ್ಲಿಕ್ ಎಎಂಪಿ ಇದರ ಎದುರಾಳಿ. ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವದ ಮೇಲೆ ಕೂತ ಕಾವಲುಗಾರರಿಗೆ ಅಂಟಿಕೊಂಡು ಕಿಣ್ವವನ್ನು ಬಿಡಿಸುತ್ತದೆ. ಬಿಡುಗಡೆಯಾದ ಕಿಣ್ವ ಹಲವು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತ ಹೋಗುತ್ತದೆ. ಒಟ್ಟು ಪರಿಣಾಮ: ಒಳಗಿನ ಕ್ಯಾಲ್ಸಿಯಂ ಇಳಿಯುತ್ತದೆ, ಇರುವ ಕ್ಯಾಲ್ಸಿಯಂಗೂ ಸ್ನಾಯು ಮೊದಲಿನಷ್ಟು ಓಗೊಡುವುದಿಲ್ಲ. ಒಂದು ರಿಸೆಪ್ಟರ್ ಹಲವು ಜಿ ಪ್ರೋಟೀನುಗಳನ್ನು ಎಬ್ಬಿಸುತ್ತದೆ, ಎದ್ದ ಸೈಕ್ಲೇಸ್ ಒಂದೊಂದೂ ಬಹಳಷ್ಟು ಉಂಗುರ ಮಾಡುತ್ತದೆ. ಆದ್ದರಿಂದಲೇ ಚಿಟಿಕೆಗಿಂತ ಕಡಿಮೆ ಔಷಧ ಕೆಲವೇ ನಿಮಿಷದಲ್ಲಿ ಎದೆ ಸಡಿಲಿಸುತ್ತದೆ.

ಹಾಗಾದರೆ ಕೈ ನಡುಗುವುದೇಕೆ? ಕೈಯ ಸ್ನಾಯುವಿನಲ್ಲೂ ಅದೇ ಬೀಟಾ-2 ಬಾಗಿಲಿದೆ, ಒಳಗೆ ಏಳುವುದೂ ಅದೇ ಸೈಕ್ಲಿಕ್ ಎಎಂಪಿ. ಉಂಗುರಕ್ಕೆ ತನ್ನದೇ ಅರ್ಥ ಎಂಬುದಿಲ್ಲ, ಓದುವ ಕೋಶ ಯಾವುದೋ ಅದರಂತೆ ಅರ್ಥ. ಶ್ವಾಸನಾಳದಲ್ಲಿ ‘ಸಡಿಲಾಗು’, ಪಿತ್ತಜನಕಾಂಗದಲ್ಲಿ ‘ಸಕ್ಕರೆ ಬಿಡು’, ಹೃದಯದಲ್ಲಿ ‘ಬೇಗ ಬಡಿ’. ಪಂಪ್ ಹೊಡೆದ ಮೇಲೆ ಎದೆ ಡವಡವ ಎನ್ನುವುದೂ ಇದರಿಂದಲೇ. ನಡುಕಕ್ಕೆಂದು ಪ್ರೊಪ್ರನೊಲಾಲ್ ಮಾತ್ರೆ ಕೊಡಬಹುದಲ್ಲ ಎಂದು ನನ್ನ ಗೆಳೆಯನೊಬ್ಬ ಒಮ್ಮೆ ಹೇಳಿದ್ದ. ಸದ್ಯ, ಕೊಡಲಿಲ್ಲ. ಆ ಮಾತ್ರೆ ಬೀಟಾ ಬಾಗಿಲನ್ನೇ ಮುಚ್ಚುತ್ತದೆ. ಅಸ್ತಮಾ ಇದ್ದವರಿಗೆ ಉಸಿರೇ ಕಟ್ಟಬಹುದು. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಹಾಗೆಯೇ. ಡಾಕ್ಟರು ಅವ್ವನಿಗೆ ಬಿಪಿ ಮಾತ್ರೆ, ಕಣ್ಣಿನ ಡ್ರಾಪ್ಸ್ ಅಂತ ಕೆದಕಿ ಕೇಳಿದ್ದು ಯಾಕೆಂದು ಆಮೇಲೆ ತಿಳಿಯಿತು.

ಸುದ್ದಿ ಮುಟ್ಟಿಸಿದಷ್ಟೇ ಮುಖ್ಯ ಅದನ್ನು ಅಳಿಸುವುದು. ಜಿ ಪ್ರೋಟೀನ್ ತಾನು ಹಿಡಿದ ಜಿಟಿಪಿಯನ್ನು ತಾನೇ ಕತ್ತರಿಸಿ ಆರಿಹೋಗುತ್ತದೆ. ಉಂಗುರಗಳನ್ನು ಫಾಸ್ಫೊಡೈಎಸ್ಟರೇಸ್ ಎಂಬ ಕಿಣ್ವ ಬಿಡಿಸಿ ಹಾಕುತ್ತದೆ. ಹಳೆಯ ಅಸ್ತಮಾ ಮಾತ್ರೆ ಥಿಯೊಫಿಲಿನ್ ಈ ಕಿಣ್ವವನ್ನು ತಡೆಯುತ್ತದೆ. ಮೊದಲು ಸಿಕ್ಕಿದ್ದು ಚಹಾ ಎಲೆಯಲ್ಲಿ, 1888ರಲ್ಲಿ. “ಅದಕ್ಕ ನನಗ ಚಾ ಕುಡಿದ್ರ ಹಗುರ ಆಗ್ತದ” ಎಂದು ಅವ್ವ ಗೆದ್ದವಳಂತೆ ನೋಡಿದಳು. ಕಪ್ಪಿನಲ್ಲಿ ಅದು ಇರುವುದು ಅತ್ಯಲ್ಪ ಎಂದೆ. ಕೇಳಿಸಿಕೊಳ್ಳಲಿಲ್ಲ.

ದಿನಕ್ಕೆ ಎಂಟು ಸಲ ಬಾಗಿಲು ಬಡಿದರೆ ಏನಾಗುತ್ತದೆ ಎಂಬುದು ನಮಗೆ ಬೇಕಾದ ವಿಷಯ. ಉದ್ರೇಕಗೊಂಡ ರಿಸೆಪ್ಟರಿನ ಒಳತುದಿಗೆ ಜಿಆರ್‌ಕೆ ಎಂಬ ಕಿಣ್ವ ಫಾಸ್ಫೇಟ್ ಗುರುತು ಹಾಕುತ್ತದೆ. ಆ ಗುರುತು ನೋಡಿ ಬೀಟಾ-ಅರೆಸ್ಟಿನ್ ಎಂಬ ಪ್ರೋಟೀನ್ ಬಂದು ಅಡ್ಡ ಕೂರುತ್ತದೆ. ಜಿ ಪ್ರೋಟೀನಿಗೆ ಜಾಗವಿಲ್ಲ. ಇದು ನಿಮಿಷಗಳ ಮಾತು. ನಂತರ ರಿಸೆಪ್ಟರನ್ನೇ ಕೋಶದ ಒಳಕ್ಕೆ ಎಳೆದುಕೊಳ್ಳಲಾಗುತ್ತದೆ. ಬಿಡುವು ಸಿಕ್ಕರೆ ಗುರುತು ಅಳಿದು ವಾಪಸು ಬರುತ್ತದೆ. ಬಿಡುವಿಲ್ಲದೆ ದಿನಗಟ್ಟಲೆ ಬಡಿದರೆ ಒಂದಷ್ಟು ರಿಸೆಪ್ಟರುಗಳನ್ನು ಕೋಶ ಒಡೆದೇ ಹಾಕುತ್ತದೆ. ಒಂದೇ ಕ್ಲೈಂಟ್ ಸರ್ವರಿಗೆ ಮೇಲಿಂದ ಮೇಲೆ ರಿಕ್ವೆಸ್ಟ್ ಕಳಿಸಿದಾಗ ನಾವು `429` ಕೊಟ್ಟು ಕೂರಿಸುವುದಿಲ್ಲವೇ, ಹಾಗೆ. ಆದರೆ ಸರ್ವರಿನ ಹಾಗಲ್ಲದೆ ಕೋಶ ಪೋರ್ಟನ್ನೇ ಕಿತ್ತು ಹಾಕುತ್ತದೆ.

ಈ ಕಿವುಡು ಎಲ್ಲ ಕಡೆ ಒಂದೇ ಅಳತೆಯಲ್ಲಿ ಬರುವುದಿಲ್ಲ. ಕೈಯ ನಡುಕ ಬೇಗ ಮಾಯವಾಗುತ್ತದೆ. ಶ್ವಾಸನಾಳ ಸಡಿಲಾಗುವ ಗುಣ ಅಷ್ಟು ಬೇಗ ಹೋಗುವುದಿಲ್ಲ, ಆದ್ದರಿಂದ ಪಂಪ್ ಕೆಲಸ ಮಾಡುತ್ತಿದೆ ಎಂದೇ ಅನ್ನಿಸುತ್ತದೆ. ಕುಂದುವುದು ದೂಳು, ಚಳಿ, ಹೊಗೆ ತಾಗಿದಾಗ ನಾಳ ಬಿಗಿಯದಂತೆ ಕಾಯುವ ಶಕ್ತಿ. ಜೊತೆಗೆ, ನಾಳದ ಗೋಡೆಯ ಉರಿಯೂತವನ್ನು ಸಾಲ್ಬುಟಮಾಲ್ ಮುಟ್ಟುವುದೇ ಇಲ್ಲ. ಅದು ಒಳಗೊಳಗೇ ಬೆಳೆಯುತ್ತಿರುತ್ತದೆ. ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿಯಾದ ಜೀನಾ, ದೊಡ್ಡವರಿಗೆ ಮತ್ತು ಹದಿಹರೆಯದವರಿಗೆ ಇಂಥ ಪಂಪ್ ಒಂದನ್ನೇ ಕೊಡಬಾರದೆಂದು 2019ರಿಂದ ಹೇಳುತ್ತಿದೆ. ವರ್ಷಕ್ಕೆ ಮೂರು ಡಬ್ಬಿ ದಾಟಿದರೆ ತೀವ್ರ ದಾಳಿಯ ಅಪಾಯ ಹೆಚ್ಚು, ಹನ್ನೆರಡು ದಾಟಿದರೆ ಸಾವಿನದೂ ಹೆಚ್ಚು. ಅವ್ವ ಹಿಡಿದಿದ್ದ ವೇಗಕ್ಕೆ ವರ್ಷಕ್ಕೆ ಹದಿನಾಲ್ಕು ಆಗುತ್ತಿತ್ತು. ಅದನ್ನು ಲೆಕ್ಕ ಹಾಕಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಡಾಕ್ಟರು ನೀಲಿಯ ಬದಲು ಬ್ಯುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಸೇರಿದ ಪಂಪ್ ಬರೆದರು, ಸ್ಪೇಸರ್ ಹಾಕಿ ಸೇದಲು ಹೇಳಿದರು. ಫಾರ್ಮೊಟೆರಾಲ್ ಸಾಲ್ಬುಟಮಾಲಿನಷ್ಟೇ ಬೇಗ ಅದೇ ಬಾಗಿಲು ತಟ್ಟುತ್ತದೆ, ಆದರೆ ಸುಮಾರು ಹನ್ನೆರಡು ತಾಸು ನಿಲ್ಲುತ್ತದೆ. ಬ್ಯುಡೆಸೊನೈಡ್ ಸ್ಟೆರಾಯ್ಡ್. ಅದಕ್ಕೆ ಓಲೆಕಾರ ಬೇಡ. ಕೊಬ್ಬಿನಲ್ಲಿ ಕರಗುವುದರಿಂದ ಪೊರೆ ದಾಟಿ ತಾನೇ ಒಳಗೆ ಹೋಗಿ, ಅಲ್ಲಿನ ರಿಸೆಪ್ಟರನ್ನು ಹಿಡಿದು ಕೋಶಕೇಂದ್ರ ಸೇರುತ್ತದೆ. ಉರಿಯೂತದ ಜೀನುಗಳ ಬಾಯಿ ಮುಚ್ಚಿಸುತ್ತದೆ. ಬೀಟಾ-2 ರಿಸೆಪ್ಟರಿನ ಜೀನನ್ನು ಹೆಚ್ಚು ಓದಿಸುತ್ತದೆ. ಕಿತ್ತು ಹೋದ ಬಾಗಿಲುಗಳು ಮತ್ತೆ ಕೂಡುವುದು ಹೀಗೆ. ಆದರೆ ಇದಕ್ಕೆ ದಿನಗಳು, ವಾರಗಳು ಬೇಕು. “ಇದು ಹೊಡಕೊಂಡ್ರ ಏನೂ ತಿಳಿಯಂಗಿಲ್ಲ” ಎಂದು ಬಹಳ ಜನ ಬಿಡುವುದು ಅದಕ್ಕೇ. ಅವ್ವನೂ ಮೊದಲ ವಾರ ಬಿಡಲು ನೋಡಿದಳು.

ನಾನು ಪೀಕ್ ಫ್ಲೋ ಮೀಟರ್ ತಂದು ನೋಟ್‌ಬುಕ್ ಶುರು ಮಾಡಿದೆ. ಜೋರಾಗಿ ಊದಿದಾಗ ನಿಮಿಷಕ್ಕೆ ಎಷ್ಟು ಲೀಟರ್ ವೇಗದಲ್ಲಿ ಗಾಳಿ ಹೊರಬರುತ್ತದೆಂದು ಅದು ತೋರಿಸುತ್ತದೆ. ಮೊದಲ ದಿನ ಬೆಳಿಗ್ಗೆ 180. ಎರಡನೇ ವಾರದಲ್ಲೂ 190, 200. ನಾಲ್ಕನೇ ವಾರದ ಹೊತ್ತಿಗೆ 240. ಎರಡು ತಿಂಗಳಾದ ಮೇಲೆ ಬೆಳಿಗ್ಗೆ 270. ಸಮೀರ್ ಆ್ಯಪಿನ ಅಂಕಿ ಕೆಟ್ಟ ದಿನಗಳಲ್ಲೂ 250ಕ್ಕಿಂತ ಕೆಳಗೆ ಬರಲಿಲ್ಲ. ನಡುವೆ ಒಂದು ದಿನ ಅವ್ವ ಗಾಬರಿಯಿಂದ ಕರೆದಳು: ಹೊಸ ಪಂಪ್ ಹೊಡೆದುಕೊಂಡ ಮೇಲೆ ಕೈ ಸ್ವಲ್ಪ ನಡುಗುತ್ತಿದೆಯಂತೆ. ನಾನು ನಕ್ಕೆ. ಯಾಕೆ ನಗುತ್ತೀಯ ಎಂದು ಬೈದಳು.

ಜೂನಿನಲ್ಲಿ ಮೃಗಶಿರಾ ಮಳೆ ಹೂಡುವ ದಿನ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಬತ್ತಿನಿ ಮನೆತನದವರು ಅಸ್ತಮಾಕ್ಕೆ ಮೀನಿನ ಪ್ರಸಾದ ಕೊಡುತ್ತಾರೆ. ನಮ್ಮ ಕಡೆಯಿಂದಲೂ ಜನ ಬರುತ್ತಾರೆ. ಅದು ಅಸ್ತಮಾ ವಾಸಿ ಮಾಡುತ್ತದೆ ಎನ್ನಲು ವೈಜ್ಞಾನಿಕ ಪುರಾವೆ ಇಲ್ಲ. ಮೀನು ತಿನ್ನದವರಿಗೆ ಬೆಲ್ಲದಲ್ಲಿ ಕೊಡುತ್ತಾರೆಂದು ಯಾರೋ ಅವ್ವನಿಗೆ ಹೇಳಿದ್ದಾರೆ. ಈ ಸಲ ಹೋಗೇ ಹೋಗುತ್ತೇನೆ ಎನ್ನುತ್ತಿದ್ದಾಳೆ. ಹೋಗೋಣ, ಆದರೆ ಬೆಳಗಿನ ಎರಡು ಪಫ್ ತಪ್ಪಿಸುವಂತಿಲ್ಲ ಎಂದು ಕರಾರು ಮಾಡಿಕೊಂಡಿದ್ದೇವೆ.