ಇಂಗ್ಲಿಷಿನ ‘ಯು’ ಮತ್ತು ಮಧ್ಯಮಪುರುಷದ ಆಯ್ಕೆ: ‘ಕಾಂತಾಪುರ’ವನ್ನು ಫ್ರೆಂಚ್, ಜರ್ಮನ್ ಭಾಷೆಗಳಿಗೆ ತರುವ ಸಂದರ್ಭ

ಇಂಗ್ಲಿಷಿನ ‘ಯು’ ಎಂಬ ಸರ್ವನಾಮವನ್ನು ಫ್ರೆಂಚಿಗೆ ತರುವಾಗ ‘ತು’ ಮತ್ತು ‘ವೂ’ಗಳ ನಡುವೆ, ಜರ್ಮನಿಗೆ ತರುವಾಗ ‘ದು’ ಮತ್ತು ‘ಜೀ’ಗಳ ನಡುವೆ ಅನುವಾದಕನು ಆಯ್ಕೆ ಮಾಡಲೇಬೇಕಾಗುತ್ತದೆ. ಮೂಲಪಠ್ಯವು ಹೇಳದೆ ಬಿಟ್ಟದ್ದನ್ನು ಲಕ್ಷ್ಯಭಾಷೆಯ ವ್ಯಾಕರಣವು ಹೇಳಿಸಿಯೇ ತೀರುತ್ತದೆ. ಸಾಮಾನ್ಯವಾಗಿ ಈ ಆಯ್ಕೆಗೆ ಪಾತ್ರಗಳ ವಯಸ್ಸು, ಪರಿಚಯ, ಸ್ಥಾನಮಾನಗಳು ಆಧಾರವಾಗುತ್ತವೆ. ಆದರೆ ಮೂಲದ ಇಂಗ್ಲಿಷಿನ ಹಿಂದೆಯೇ ‘ನೀನು–ನೀವು’ ಎಂಬ ಭೇದವುಳ್ಳ ಇನ್ನೊಂದು ಭಾಷೆ ಇದ್ದರೆ ಅನುವಾದಕನು ಯಾವುದನ್ನು ಅನುಸರಿಸಬೇಕು? 1908ರಲ್ಲಿ ಹಾಸನದಲ್ಲಿ ಜನಿಸಿ, ಫ್ರಾನ್ಸಿನಲ್ಲಿ ವ್ಯಾಸಂಗ ಮಾಡಿದ ರಾಜಾರಾವ್ ಅವರ ‘ಕಾಂತಾಪುರ’ (1938) ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿದೆ. ಕಾದಂಬರಿಯ ಊರು ಕಲ್ಪಿತವಾದರೂ ಅದರ ಹಿಮವತಿ ನದಿಯು ಗೊರೂರು, ಹೊಳೆನರಸೀಪುರಗಳ ಬದಿಯಲ್ಲಿ ಹರಿಯುವ ಹೇಮಾವತಿಯನ್ನು ನೆನಪಿಸುತ್ತದೆ. ಅದರ ಮಾತಿನ ಲಯವೂ ಈ ಸೀಮೆಯ ಕನ್ನಡದ್ದೇ.

ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅವರು 1960ರ ತಮ್ಮ ಪ್ರಬಂಧದಲ್ಲಿ ಇಂತಹ ಸರ್ವನಾಮಗಳನ್ನು ಅಧಿಕಾರ ಮತ್ತು ಸಖ್ಯ ಎಂಬ ಎರಡು ಅಕ್ಷಗಳ ಮೇಲೆ ವಿವರಿಸಿದರು. ಅಧಿಕಾರದ ಅಕ್ಷದಲ್ಲಿ ಬಳಕೆಯು ಅಸಮವಾಗಿರುತ್ತದೆ: ಮೇಲಿನವನು ಏಕವಚನವನ್ನು ಕೊಟ್ಟು ಬಹುವಚನವನ್ನು ಪಡೆಯುತ್ತಾನೆ. ಸಖ್ಯದ ಅಕ್ಷದಲ್ಲಿ ಇಬ್ಬರೂ ಒಂದೇ ರೂಪವನ್ನು ವಿನಿಮಯ ಮಾಡಿಕೊಳ್ಳುತ್ತಾರೆ. ಯೂರೋಪಿನ ಭಾಷೆಗಳಲ್ಲಿ ಎರಡನೆಯದು ಕ್ರಮೇಣ ಮೊದಲನೆಯದನ್ನು ಹಿಂದಿಕ್ಕಿತು ಎಂಬುದು ಅವರ ನಿಲುವು.

ಹಾಸನ, ಅರಕಲಗೂಡು, ಚನ್ನರಾಯಪಟ್ಟಣಗಳ ಗ್ರಾಮೀಣ ಕನ್ನಡದಲ್ಲಿ ಎರಡೂ ಅಕ್ಷಗಳು ಏಕಕಾಲಕ್ಕೆ ಜೀವಂತವಾಗಿವೆ. ಮಗನು ತಾಯಿಯನ್ನು ‘ನೀನು’ ಎನ್ನುತ್ತಾನೆ, ಅದರಲ್ಲಿ ಅಗೌರವವಿಲ್ಲ. ರೂಢಿಯ ದಾಂಪತ್ಯದಲ್ಲಿ ಹೆಂಡತಿಯು ಗಂಡನನ್ನು ‘ನೀವು’ ಎಂದರೆ ಗಂಡನು ಅವಳನ್ನು ‘ನೀನು’ ಎನ್ನುತ್ತಾನೆ. ಒಡೆಯನು ಆಳನ್ನು ‘ನೀನು’ ಎಂದರೆ, ಆಳು ‘ಬುದ್ಧಿ’, ‘ಸ್ವಾಮಿ’ ಎಂಬ ಸಂಬೋಧನೆಯೊಡನೆ ಬಹುವಚನವನ್ನು ಹಿಂದಿರುಗಿಸುತ್ತಾನೆ. ಹೀಗೆ ‘ನೀನು’ ಎಂಬ ಒಂದೇ ರೂಪವು ಮಮತೆಯನ್ನೂ ಮೇಲ್ಮೆಯನ್ನೂ ಸೂಚಿಸಬಲ್ಲದು. ಯಾವುದನ್ನು ಸೂಚಿಸುತ್ತಿದೆ ಎಂಬುದು ಆ ರೂಪದಿಂದಲ್ಲ, ಅದಕ್ಕೆ ಮರಳಿ ಬರುವ ರೂಪದಿಂದ ತಿಳಿಯುತ್ತದೆ. ಆದ್ದರಿಂದ ಪ್ರತಿ ವಾಕ್ಯದಲ್ಲೂ ‘ನೀನು’ವಿಗೆ ‘ತು’, ‘ನೀವು’ವಿಗೆ ‘ವೂ’ ಎಂದು ಒಂದಕ್ಕೊಂದು ಜೋಡಿಸುವ ವಿಧಾನವು ಸೋಲುತ್ತದೆ. ಅನುವಾದದ ಘಟಕವು ಸರ್ವನಾಮವಲ್ಲ, ಜೋಡಿ.

ಸುಲಭವಾದ ಜೋಡಿಯಿಂದ ತೊಡಗಬಹುದು. ಊರಿನ ದೇವತೆ ಕೆಂಚಮ್ಮನನ್ನು ಜನರು ಬೇಡುತ್ತಾರೆ, ಹೊಗಳುತ್ತಾರೆ. ಇದರ ಹಿಂದಿನ ಕನ್ನಡದಲ್ಲಿ ‘ನೀನು’ ಬಿಟ್ಟು ಬೇರೆ ರೂಪವು ಊಹೆಗೆ ನಿಲುಕದು. ಜರ್ಮನ್ ಪ್ರಾರ್ಥನೆಯಲ್ಲೂ ದೇವರು ‘ದು’ ಆಗಿರುವುದರಿಂದ ಅಲ್ಲಿ ತೊಡಕಿಲ್ಲ. ಫ್ರೆಂಚಿನಲ್ಲಿ ಮಾತ್ರ ಕ್ಯಾಥೊಲಿಕರ ಕರ್ತನ ಪ್ರಾರ್ಥನೆಯು 1966ರವರೆಗೆ ‘ವೂ’ ರೂಪದಲ್ಲಿತ್ತು. ಪ್ರಾಟೆಸ್ಟೆಂಟರು ಮೊದಲಿನಿಂದಲೂ ‘ತು’ ಎನ್ನುತ್ತಿದ್ದರು. ಕಾದಂಬರಿಯ ಕಾಲ 1930ರ ಸುಮಾರಿನದೆಂಬ ಕಾರಣಕ್ಕೆ ಕೆಂಚಮ್ಮನಿಗೆ ‘ವೂ’ ಬಳಸಿದರೆ, ಹಳ್ಳಿಯ ದೇವತೆಯು ಇಗರ್ಜಿಯ ಗಾಂಭೀರ್ಯವನ್ನು ಹೊದ್ದಂತಾಗುತ್ತದೆ. ಇಲ್ಲಿ ‘ತು’ವೇ ಯುಕ್ತ.

ಎರಡನೆಯದು ನಿರೂಪಕಿ ಮತ್ತು ಕೇಳುಗರ ಜೋಡಿ. ವೃದ್ಧೆ ಅಚ್ಚಕ್ಕ ಮೊದಲ ವಾಕ್ಯದಲ್ಲಿಯೇ ತನ್ನ ಊರಿನ ಹೆಸರನ್ನು ಕೇಳಿರಲಾರದವರನ್ನು ‘ಯು’ ಎಂದು ಉದ್ದೇಶಿಸುತ್ತಾಳೆ. ಕೇಳುವವರು ಒಬ್ಬರೋ ಹಲವರೋ ಎಂಬುದನ್ನು ಇಂಗ್ಲಿಷ್ ಆ ವಾಕ್ಯದಲ್ಲಿ ತಿಳಿಸುವುದಿಲ್ಲ. ಫ್ರೆಂಚಿನ ‘ವೂ’ ಕನ್ನಡದ ‘ನೀವು’ವಿನಂತೆ ಗೌರವಕ್ಕೂ ಬಹುತ್ವಕ್ಕೂ ಸಲ್ಲುವುದರಿಂದ ಈ ಅಸ್ಪಷ್ಟತೆಯು ಹಾಗೆಯೇ ಉಳಿಯುತ್ತದೆ. ಜರ್ಮನಿನಲ್ಲಿ ಅದು ಉಳಿಯದು: ‘ಜೀ’ ಎಂದರೆ ಮಾತು ಕಚೇರಿಯ ಕಡೆಗೆ ಸರಿಯುತ್ತದೆ, ‘ದು’ ಎಂದರೆ ಕೇಳುಗರು ಒಬ್ಬರೇ ಆಗುತ್ತಾರೆ. ‘ದು’ವಿನ ಬಹುವಚನವಾದ ‘ಈರ್’ ಬಳಸಿದರೆ ಜಗಲಿಯ ಮೇಲೆ ನೆರೆದವರಿಗೆ ಹೇಳುವ ಕಥೆಯ ಆತ್ಮೀಯತೆ ದಕ್ಕುತ್ತದೆ. ಆದರೆ ಒಬ್ಬಳೇ ಸೋದರಿಯನ್ನು ಕರೆದಂತಿರುವ ಕಡೆಗಳಲ್ಲಿ ‘ದು’ವಿಗೆ ಇಳಿಯಬೇಕಾಗುತ್ತದೆ, ಆ ಇಳಿತವು ಓದುಗರಿಗೆ ಬೇರೆ ಕೇಳುಗಳು ಬಂದಂತೆ ತೋರಬಾರದು.

ಮೂರನೆಯದು ಅತ್ಯಂತ ಕಠಿಣವಾದದ್ದು: ಬ್ರಾಹ್ಮಣ ತರುಣ ಮೂರ್ತಿ ಮತ್ತು ಹೊಲೆಗೇರಿಯ ರಾಚಣ್ಣ. ಗಾಂಧಿಯ ಅನುಯಾಯಿಯಾದ ಮೂರ್ತಿ ರಾಚಣ್ಣನ ಮನೆಯ ಹೊಸ್ತಿಲನ್ನು ಮೊದಲ ಬಾರಿಗೆ ದಾಟುತ್ತಾನೆ, ಅಳುಕುತ್ತಲೇ ಅಲ್ಲಿ ಕೊಟ್ಟ ಹಾಲನ್ನು ತುಟಿಗೆ ತಾಗಿಸುತ್ತಾನೆ. ಕಾದಂಬರಿಯ ರಾಜಕಾರಣವು ಈ ಒಂದು ಹೆಜ್ಜೆಯಲ್ಲಿ ಅಡಗಿದೆ. ಅವನ ಬಾಯಲ್ಲಿ ಬರುವ ‘ಯು’ ಯಾವುದು? ರೂಢಿಯ ಪ್ರಕಾರ ಅದು ‘ನೀನು’. ‘ರಾಚಣ್ಣ’ ಎಂಬ ಹೆಸರಿನಲ್ಲಿಯೇ ‘ಅಣ್ಣ’ ಇರುವುದರಿಂದ ಕನ್ನಡದಲ್ಲಿ ಅದು ಸ್ನೇಹದ ‘ನೀನು’ವಾಗಿಯೂ ಕೇಳಿಸಬಲ್ಲದು, ಆದರೆ ಶತಮಾನಗಳ ಜಾತಿಯ ‘ನೀನು’ವೂ ಅದೇ. ಫ್ರೆಂಚ್ ಓದುಗನಿಗೆ ‘ಅಣ್ಣ’ ಕೇಳಿಸದು, ‘ತು’ ಮಾತ್ರ ಕೇಳಿಸುತ್ತದೆ. ಅದೇ ‘ತು’ವನ್ನು ಸ್ಕೆಫಿಂಗ್ಟನ್ ಕಾಫಿತೋಟದ ಮೇಸ್ತ್ರಿಯೂ ಕೂಲಿಗಳಿಗೆ ಬಳಸಬೇಕಾಗುತ್ತದೆ, ವಸಾಹತಿನ ಅನುಭವವುಳ್ಳ ಫ್ರೆಂಚಿನಲ್ಲಿ ಆ ಅಸಮ ‘ತು’ ತಕ್ಷಣ ಗುರುತಾಗುತ್ತದೆ. ಹೀಗೆ ಮೂರ್ತಿಯೂ ಮೇಸ್ತ್ರಿಯೂ ಒಂದೇ ಸಾಲಿನಲ್ಲಿ ನಿಂತುಬಿಡುತ್ತಾರೆ.

ಫ್ರೆಂಚಿನಲ್ಲಿ ನಾನು ಸೂಚಿಸುವ ದಾರಿ ಇದು. ಮೇಸ್ತ್ರಿ, ಪೋಲೀಸ್ ಮುಂತಾದವರ ‘ತು’ವನ್ನು ಮೊದಲಿನಿಂದ ದೃಢವಾಗಿ ನೆಲೆಗೊಳಿಸಿ, ಹೊಸ್ತಿಲಿನ ದೃಶ್ಯದಲ್ಲಿ ಮೂರ್ತಿಗೆ ‘ವೂ’ ಕೊಡುವುದು. ಒಂಟಿಯಾಗಿ ನೋಡಿದರೆ ಈ ‘ವೂ’ ದೂರವನ್ನು ಸೂಚಿಸೀತು. ಸುತ್ತಲಿನ ‘ತು’ಗಳ ನಡುವೆ ಅದು ಮರ್ಯಾದೆಯಾಗಿ ಕೇಳಿಸುತ್ತದೆ. ಜರ್ಮನಿಗೆ ಇದೇ ಪರಿಹಾರ ಒಗ್ಗದು. ಗುಡಿಸಲಿನೊಳಗಿನ ‘ಜೀ’ ಅಧಿಕಾರಿಯ ಭೇಟಿಯಂತೆ ತೋರುತ್ತದೆ. ಹಳೆಯ ಗೌರವಸೂಚಕ ‘ಈರ್’ ಬಳಸಿದರೆ ಕಥೆಯು ಮಧ್ಯಯುಗಕ್ಕೆ ಜಾರುತ್ತದೆ. ಅಲ್ಲಿ ‘ದು’ವನ್ನೇ ಉಳಿಸಿ, ಸೋದರ ಎಂಬರ್ಥದ ಪದವನ್ನು ಹೆಸರಿನೊಡನೆ ಸೇರಿಸಿ ಕರೆಯುವುದು ಲೇಸು. ಸರ್ವನಾಮವು ಹೊರಲಾರದ ಭಾರವನ್ನು ಸಂಬಂಧವಾಚಕವು ಹೊರುತ್ತದೆ. ಕನ್ನಡವು ಮಾಡುವುದೂ ಇದನ್ನೇ.

ಈ ಪರಿಹಾರಕ್ಕೆ ಬೆಲೆಯೂ ಇದೆ. ಮೂರ್ತಿಯ ಅಳುಕು ಮೂಲದಲ್ಲಿ ಸ್ಪಷ್ಟವಾಗಿದೆ. ಹಾಲು ಕುಡಿಯಲು ಹಿಂಜರಿಯುವವನ ಬಾಯಲ್ಲಿ ನಿರಾಯಾಸವಾದ ‘ವೂ’ ಅವನನ್ನು ಇರುವುದಕ್ಕಿಂತ ಹೆಚ್ಚು ಸುಧಾರಿತನನ್ನಾಗಿಸೀತು. ಆದ್ದರಿಂದ ಹೊಸ್ತಿಲ ಹೊರಗಿನ ಮೊದಲ ಮಾತುಗಳಲ್ಲಿ ಸರ್ವನಾಮವೇ ಬಾರದಂತೆ ವಾಕ್ಯವನ್ನು ಕಟ್ಟುವುದು ಉಚಿತ. ‘ಊಟ ಆಯ್ತಾ?’ ಎಂದು ಕನ್ನಡವು ಆಖ್ಯಾತದ ಪುರುಷಪ್ರತ್ಯಯವನ್ನೂ ತಪ್ಪಿಸುವಂತೆ, ಫ್ರೆಂಚಿನಲ್ಲಿ ‘ಸಾ ವಾ?’, ಜರ್ಮನಿನಲ್ಲಿ ‘ವೀ ಗೇಟ್ಸ್?’ ಎಂಬ ನಿಸ್ಸರ್ವನಾಮ ರಚನೆಗಳಿವೆ. ‘ವೂ’ ಒಳಗೆ ಕಾಲಿಟ್ಟ ಮೇಲೆ ಬರಲಿ.

ಆಯ್ಕೆಯು ತಪ್ಪಿದೆಯೆಂದು ಅರಿಯುವುದಕ್ಕೆ ಒಂದು ಪರೀಕ್ಷೆಯಿದೆ. ಪ್ರತಿಯೊಂದು ಜೋಡಿಗೂ ಕೊಟ್ಟ ರೂಪ, ಪಡೆದ ರೂಪಗಳನ್ನು ಅಧ್ಯಾಯವಾರು ಬರೆದಿಟ್ಟುಕೊಳ್ಳಬೇಕು. ಮೇಸ್ತ್ರಿ–ಕೂಲಿ ಜೋಡಿಯೂ ಮೂರ್ತಿ–ರಾಚಣ್ಣ ಜೋಡಿಯೂ ಕಾದಂಬರಿಯ ಕೊನೆಯವರೆಗೆ ಒಂದೇ ವಿನ್ಯಾಸದಲ್ಲಿ ಉಳಿದಿದ್ದರೆ, ಇಂಗ್ಲಿಷ್ ಹೇಳದೆ ಬಿಟ್ಟದ್ದನ್ನು ಅನುವಾದವು ತಪ್ಪಾಗಿ ಹೇಳಿದೆ ಎಂದೇ ಅರ್ಥ.